ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದು ಹೇಗೆ?

ಪ್ರಶ್ನೆ: ಮಗನಿಗೆ ಮದುವೆಯಾಗಿದೆ. ಸೊಸೆಯ ಹೆಸರು ಸೇರಿಸಬೇಕು, ತೀರಿಕೊಂಡ ತಂದೆಯ ಹೆಸರು ತೆಗೆಸಬೇಕು. ಯಾವ ದಾಖಲೆ ಬೇಕು?

ಉತ್ತರ: ಮೊದಲು ಸೊಸೆಯ ತವರಿನ ಕಾರ್ಡಿನಿಂದ ಅವರ ಹೆಸರು ತೆಗೆಸಿ. ಒಂದು ಆಧಾರ್ ಸಂಖ್ಯೆ ಒಂದೇ ಕಾರ್ಡಿನಲ್ಲಿರಬಹುದು. ಅಲ್ಲಿ ಹೆಸರು ಉಳಿದಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆಮೇಲೆ ಅವರ ಆಧಾರ್, ವಿವಾಹ ನೋಂದಣಿ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಹಿಡಿದು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ. ಬೆರಳಚ್ಚು ಕೊಡಬೇಕಾದ್ದರಿಂದ ಸೊಸೆಯೂ ಜೊತೆಗಿರಲಿ. ಆಧಾರಿನಲ್ಲಿ ತವರಿನ ವಿಳಾಸವಿದ್ದರೆ ಮೊದಲೇ ಬದಲಿಸಿಕೊಳ್ಳುವುದು ಒಳ್ಳೆಯದು.

ತಂದೆಯವರ ಹೆಸರು ತೆಗೆಸಲು ಮರಣ ಪ್ರಮಾಣಪತ್ರ, ಅವರ ಆಧಾರ್ ಪ್ರತಿ ಸಾಕು. ಮುಂದೆ ಮಗುವಾದರೆ ಜನನ ಪ್ರಮಾಣಪತ್ರ ಬೇಕು. ತಿದ್ದುಪಡಿಗೆ ಆಹಾರ ಇಲಾಖೆ ಆಗಾಗ ಮಾತ್ರ ಅವಕಾಶ ಕೊಡುವುದುಂಟು. ಹೊರಡುವ ಮುನ್ನ ಕೇಂದ್ರದಲ್ಲಿ ವಿಚಾರಿಸಿ.