ಗೇಟಿನಲ್ಲಿ ಬಿಚ್ಚಿಸಿದ ಕಿವಿ ಮಿಷನ್

ಪತ್ರ: ಸಂಪಾದಕರೇ, ನನ್ನ ಮಗಳಿಗೆ 23 ವರ್ಷ. ಎರಡೂ ಕಿವಿಗೆ ಮಿಷನ್ ಹಾಕುತ್ತಾಳೆ. ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡಿನಲ್ಲಿ ವೈಕಲ್ಯ 51% ಅಂತ ಇದೆ. ಹೋದ ತಿಂಗಳು ಒಂದು ನೇಮಕಾತಿ ಪರೀಕ್ಷೆಗೆ ಹೋದಾಗ ಗೇಟಿನಲ್ಲೇ ಎರಡನ್ನೂ ಬಿಚ್ಚಿಸಿ ಇಟ್ಟುಕೊಂಡರು. ಪ್ರಶ್ನೆಪತ್ರಿಕೆಯ ಒಂದು ತಿದ್ದುಪಡಿಯನ್ನು ಒಳಗೆ ಬಾಯಲ್ಲೇ ಹೇಳಿದರಂತೆ, ಇವಳಿಗೆ ಗೊತ್ತೇ ಆಗಲಿಲ್ಲ. ಜಾಸ್ತಿ ಸಮಯ ಕೇಳಿದರೆ "ಕೈ ಸರಿಯಾಗಿದೆಯಲ್ಲಮ್ಮ" ಅಂದರಂತೆ. ಮುಂದಿನ ಪರೀಕ್ಷೆ ಎರಡು ಗಂಟೆಯದು. ಸನ್ನೆ ಭಾಷೆಯವರನ್ನು ಜೊತೆಗೆ ಕರೆದುಕೊಂಡು ಹೋಗಬಹುದಾ? ಏನು ಮಾಡಲಿ?
– ಒಬ್ಬ ತಾಯಿ, ಶಿವಮೊಗ್ಗ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಗೇಟಿನ ವಿಷಯ. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯಲ್ಲಿ ಬ್ಲೂಟೂತ್ ಇಟ್ಟುಕೊಂಡು ಸಿಕ್ಕಿಬಿದ್ದವರ ಸುದ್ದಿ ನಿಮಗೂ ನೆನಪಿರಬಹುದು. ಇಂಥದ್ದೆಲ್ಲ ನಡೆದ ಮೇಲೆ ಕಿವಿಯಲ್ಲಿ ಏನೇ ಕಂಡರೂ ತಪಾಸಣೆಯವರಿಗೆ ಅನುಮಾನ. ಅವರ ಭಯ ಸುಳ್ಳಲ್ಲ. ಈಗಿನ ಎಷ್ಟೋ ಕಿವಿ ಮಿಷನ್‌ಗಳಲ್ಲಿ ಬ್ಲೂಟೂತ್ ಇದ್ದೇ ಇರುತ್ತದೆ, ಫೋನಿನ ಮಾತು ನೇರ ಕಿವಿಗೇ ಬರುತ್ತದೆ. ಹಾಗಂತ ಮಿಷನ್ ಬಿಚ್ಚಿಸಿ ಕೂರಿಸುವುದು ಕನ್ನಡಕ ಕಿತ್ತುಕೊಂಡು ಓದು ಅಂದ ಹಾಗೆ.

ಕೇಂದ್ರ ಸರ್ಕಾರದ ಅಂಗವಿಕಲರ ಇಲಾಖೆ 2018ರ ಆಗಸ್ಟ್ 29ರಂದು ಲಿಖಿತ ಪರೀಕ್ಷೆಗಳಿಗೆ ಮಾರ್ಗಸೂಚಿ ಹೊರಡಿಸಿತು, 2025ರಲ್ಲಿ ಅದನ್ನು ಪರಿಷ್ಕರಿಸಿತು. 2018ರದರಲ್ಲಿ ಅಭ್ಯರ್ಥಿ ತರಬಹುದಾದ ಸಾಧನಗಳ ಪಟ್ಟಿ ಇತ್ತು. ಮಾತನಾಡುವ ಕ್ಯಾಲ್ಕ್ಯುಲೇಟರ್, ಬ್ರೈಲ್ ಸ್ಲೇಟು, ಅಬ್ಯಾಕಸ್ ಎಲ್ಲ ಇದ್ದವು. ಸಂವಹನಕ್ಕೆ ನೆರವಾಗುವ ಎಲೆಕ್ಟ್ರಾನಿಕ್ ಸಾಧನ ಅಂತಲೂ ಇತ್ತು. ಆದರೆ ಕಿವಿ ಮಿಷನ್ ಅಂತ ಹೆಸರು ಹಿಡಿದು ಬರೆದಿರಲಿಲ್ಲ. ಗೇಟಿನಲ್ಲಿ ನಿಂತವರ ಕೈಯಲ್ಲಿರುವ ಚೀಟಿಯಲ್ಲೋ "ಎಲೆಕ್ಟ್ರಾನಿಕ್ ಸಾಧನ ನಿಷೇಧ" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಹಾಗಾಗಿ ಆ ದಿನ ಬೆಳಿಗ್ಗೆ ಅಲ್ಲಿ ವಾದ ಮಾಡಿ ಗೆಲ್ಲುವುದು ಕಷ್ಟ. ಅನುಮತಿ ಮೊದಲೇ ಕಾಗದದ ಮೇಲೆ ಬರಬೇಕು.

ಹಾಲ್ ಟಿಕೆಟ್ ಕೈಗೆ ಬಂದ ದಿನವೇ ಪರೀಕ್ಷಾ ಸಂಸ್ಥೆಗೂ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೂ ಒಂದೊಂದು ಅರ್ಜಿ ಕೊಡಿ. ಮಿಷನ್‌ನ ಕಂಪನಿ, ಮಾಡೆಲ್, ಎರಡೂ ಕಿವಿಯದರ ಸೀರಿಯಲ್ ನಂಬರ್ ಬರೆಯಿರಿ. ಯುಡಿಐಡಿ ಕಾರ್ಡು, ಕಿವಿ ಪರೀಕ್ಷೆಯ ವರದಿಯಾದ ಆಡಿಯೋಗ್ರಾಂ ಎರಡರ ಪ್ರತಿ ಲಗತ್ತಿಸಿ. "ತಪಾಸಣೆ ವೇಳೆ ಬಿಚ್ಚಿ ತೋರಿಸುತ್ತೇನೆ, ಆಮೇಲೆ ಹಾಕಿಕೊಳ್ಳಲು ಬಿಡಿ" ಅಂತ ಸೇರಿಸಿ. ಈ ಒಂದು ಸಾಲಿನಿಂದ ಅವರ ಅರ್ಧ ಅನುಮಾನ ಹೋಗುತ್ತದೆ. ಸ್ವೀಕೃತಿ ಮುದ್ರೆ ಇರುವ ಪ್ರತಿ ಮಗಳ ಕೈಯಲ್ಲಿರಲಿ. ರಿಮೋಟ್, ಫೋನಿನ ಮಾತನ್ನು ಮಿಷನ್‌ಗೆ ಕಳಿಸಲು ಕುತ್ತಿಗೆಗೆ ಹಾಕುವ ಸ್ಟ್ರೀಮರ್ ಇದ್ದರೆ ಮನೆಯಲ್ಲೇ ಇರಲಿ. ಮಿಷನ್‌ಗೆ ಹೊಸ ಸೆಲ್ ಅದೇ ಬೆಳಿಗ್ಗೆ ಹಾಕಲಿ. ಬಿಡಿ ಸೆಲ್‌ನ ಸ್ಟಿಕ್ಕರ್ ಮಾತ್ರ ಕೀಳಬಾರದು, ಗಾಳಿ ತಾಗಿದ ಕ್ಷಣದಿಂದ ಅದು ಇಳಿಯತೊಡಗುತ್ತದೆ. (ಕಾಕ್ಲಿಯರ್ ಇಂಪ್ಲಾಂಟ್ ಆದವರ ಕಥೆ ಬೇರೆ. ಅವರ ತಲೆಯೊಳಗೇ ಲೋಹ, ಆಯಸ್ಕಾಂತ ಇರುತ್ತದೆ. ಹೊರಗಿನ ಭಾಗ ತೆಗೆದಿಟ್ಟರೂ ಡಿಟೆಕ್ಟರ್ ಕೂಗಬಹುದು. ಅವರು ಆಪರೇಷನ್ ಆದಾಗ ಕೊಟ್ಟ ಗುರುತಿನ ಕಾರ್ಡನ್ನು ಮರೆಯಬಾರದು.)

ಮಿಷನ್ ಕಿವಿಯಲ್ಲಿದ್ದರೆ ಎಲ್ಲ ಕೇಳಿಸುತ್ತೆ ಅಂತ ಮೇಲ್ವಿಚಾರಕರು ಅಂದುಕೊಳ್ಳುತ್ತಾರೆ. ಅದು ನಿಜವಲ್ಲ. ಮಿಷನ್ ಎದುರಿಗೆ ಹತ್ತಿರ ಕೂತವರ ಮಾತಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಂಟು ಡೆಸ್ಕ್ ಆಚೆಯಿಂದ, ಮೇಲೆ ಫ್ಯಾನ್ ತಿರುಗುತ್ತಿರುವಾಗ, ಖಾಲಿ ಗೋಡೆಯ ಕೋಣೆಯಲ್ಲಿ ಹೇಳಿದ್ದು ಬರೀ ಗದ್ದಲವಾಗಿ ಬರುತ್ತದೆ. ತುಟಿ ನೋಡಿ ತಿಳಿದುಕೊಳ್ಳಲಿ ಅನ್ನುವವರು ಕನ್ನಡಿಯ ಮುಂದೆ ನಿಂತು "ಬರಿ" ಅಂತಲೂ "ಮರಿ" ಅಂತಲೂ ಹೇಳಿ ನೋಡಬೇಕು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಮೇಲ್ವಿಚಾರಕರು "ಬರಿ" ಅಂದದ್ದು ನಿಮ್ಮ ಮಗಳಿಗೆ "ಮರಿ" ಅಂತ ಕಂಡರೆ ಯಾರ ತಪ್ಪು?

ನಾನೂ ಈ ತಪ್ಪು ಮಾಡಿದವನೇ. ಪತ್ರಿಕೆಗೆ ಬರುವ ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಒಮ್ಮೆ ಪರೀಕ್ಷಾ ಕೊಠಡಿಯಲ್ಲಿ, ಬೋರ್ಡಿನ ಕಡೆ ಮುಖ ಮಾಡಿಕೊಂಡೇ "14ನೇ ಪ್ರಶ್ನೆಯಲ್ಲಿ 25 ಇರುವುದನ್ನು 35 ಅಂತ ತಿದ್ದಿಕೊಳ್ಳಿ" ಅಂದೆ. ಎರಡನೇ ಬೆಂಚಿನಲ್ಲಿ ಮಿಷನ್ ಹಾಕಿದ ಹುಡುಗನೊಬ್ಬ ಇದ್ದ. ಎಲ್ಲರೂ ಪೆನ್ ಎತ್ತಿದ್ದು ನೋಡಿ ಅವನೂ ಎತ್ತಿದ, ಆದರೆ ಏನು ಬರೆಯಬೇಕೋ ಗೊತ್ತಿರಲಿಲ್ಲ. ಅವನು ಆ ಲೆಕ್ಕವನ್ನು 25 ಇಟ್ಟುಕೊಂಡೇ ಮಾಡಿದ್ದ ಅನ್ನುವುದು ನನಗೆ ಗೊತ್ತಾಗಿದ್ದು ಉತ್ತರಪತ್ರಿಕೆ ಕಟ್ಟುವಾಗ.

ಅದಕ್ಕೇ ಹೇಳುತ್ತೇನೆ, ನಿಮ್ಮ ಅರ್ಜಿಯ ಎರಡನೇ ಬೇಡಿಕೆ ಬರಹದ ಸೂಚನೆ. ಏನು ಬೇಕು ಅಂತ ಬಿಡಿಸಿ ಬರೆಯಿರಿ. ಮುಂದಿನ ಸಾಲಿನಲ್ಲಿ, ಬಾಗಿಲಿಂದಲೂ ಫ್ಯಾನಿಂದಲೂ ದೂರದ ಜಾಗ. ಶುರುವಿಗೆ ಓದಿ ಹೇಳುವ ಸೂಚನೆಗಳ ಒಂದು ಅಚ್ಚುಪ್ರತಿ. ಯಾವುದೇ ತಿದ್ದುಪಡಿ ಬಂದರೆ ಬೋರ್ಡಿನ ಮೇಲೆ ಬರೆದು, ಅವಳ ಡೆಸ್ಕಿನ ಬಳಿ ಬಂದು ಬೆರಳು ತೋರಿಸುವುದು. ಗಂಟೆ ಹೊಡೆದಾಗ ಉಳಿದ ಸಮಯವನ್ನೂ ಬೋರ್ಡಿನಲ್ಲಿ ಬರೆಯುವುದು. ಇದಕ್ಕೆಲ್ಲ ಒಂದು ಸೀಮೆಸುಣ್ಣದ ಖರ್ಚು ಅಷ್ಟೇ. ಜಾಸ್ತಿ ಸಮಯಕ್ಕಿಂತ ಇದೇ ನಿಮ್ಮ ಮಗಳಿಗೆ ಹೆಚ್ಚು ಉಪಯೋಗ ಅಂತ ನನ್ನ ಅಂದಾಜು.

ಇನ್ನು "ಕೈ ಸರಿಯಾಗಿದೆಯಲ್ಲ" ಅಂದ ಮಾತು. ಬರೆಯಲು ತೊಂದರೆ ಇರುವವರಿಗೆ ಬರಹಗಾರರನ್ನು ಕೊಡುವ ನಿಯಮವನ್ನೂ ಸಮಯದ ನಿಯಮವನ್ನೂ ಅವರು ಒಂದು ಮಾಡಿಕೊಂಡಿದ್ದಾರೆ. 2018ರ ಮಾರ್ಗಸೂಚಿಯಲ್ಲಿ ಎರಡೂ ಬೇರೆ ಬೇರೆ ಇದ್ದವು. ಬರಹಗಾರರನ್ನು ಪಡೆದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಇತ್ತು. ಬರಹಗಾರರು ಬೇಡವೆಂದ, 40% ಅಥವಾ ಹೆಚ್ಚು ವೈಕಲ್ಯ ಇರುವ ಅಭ್ಯರ್ಥಿಗಳಿಗೂ ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಕೊಡಬಹುದು ಅಂತ ಇತ್ತು. ನಿಮ್ಮ ಮಗಳು 51% ಇರುವುದರಿಂದ ಈ ಎರಡನೇ ಗುಂಪಿಗೆ ಸೇರುತ್ತಿದ್ದಳು. ಎರಡು ಗಂಟೆಗೆ ಅದೇ ಲೆಕ್ಕ ಹಾಕಿದರೆ 40 ನಿಮಿಷ. ಶೇಕಡಾವನ್ನೂ ಡೆಸಿಬಲನ್ನೂ ಬೆರೆಸಬೇಡಿ, ಆಡಿಯೋಗ್ರಾಂನಲ್ಲಿ ಇರುವುದು ಡೆಸಿಬಲ್. ಇಲ್ಲಿ ಬೇಕಾಗಿರುವುದು ಕಾರ್ಡಿನ ಶೇಕಡಾ.

ಒಂದು ತೊಡಕಿದೆ. "ಕೊಡಬಹುದು" ಅಂತ ಇದ್ದುದರಿಂದ ಕೆಲವು ನೇಮಕಾತಿ ಅಧಿಸೂಚನೆಗಳು ಬರೆಯಲು ತೊಂದರೆ ಇದೆಯೆಂದು ಜಿಲ್ಲಾ ಶಸ್ತ್ರಚಿಕಿತ್ಸಕರಂಥವರು ಸಹಿ ಮಾಡಿದ ಪ್ರಮಾಣಪತ್ರ ತಂದವರಿಗೆ ಮಾತ್ರ ಸಮಯ ಕೊಡುತ್ತವೆ. ಕೈ ಸರಿಯಿರುವವಳಿಗೆ ಆ ಪತ್ರ ಯಾರೂ ಕೊಡುವುದಿಲ್ಲ, ಸುಳ್ಳು ಪತ್ರದ ದಾರಿಗೂ ಹೋಗಬೇಡಿ. ಅರ್ಜಿ ತುಂಬುವಾಗಲೇ ಹೆಚ್ಚುವರಿ ಸಮಯದ ಕಾಲಂನಲ್ಲಿ ಗುರುತು ಹಾಕಿ, ಈಗ ಜಾರಿಯಲ್ಲಿರುವ ಮಾರ್ಗಸೂಚಿಯಲ್ಲಿ ಸಮಯದ ಬಗ್ಗೆ ಇರುವ ಸಾಲನ್ನೇ ಎತ್ತಿ ಬರೆದು ಕೇಳಿ. ಕಾಲಂ ಖಾಲಿ ಬಿಟ್ಟು ಪರೀಕ್ಷೆಯ ದಿನ ಕೇಳಿದರೆ ಮುಖ್ಯ ಅಧೀಕ್ಷಕರು ಒಳ್ಳೆಯವರಾದರೂ ಅವರ ಕೈ ಕಟ್ಟಿರುತ್ತದೆ. ಹೆಚ್ಚುವರಿ ಸಮಯ ಸಿಕ್ಕರೆ ಬೇರೆ ಕೊಠಡಿಯನ್ನೂ ಕೇಳಿ. ಒಂದೇ ಕೊಠಡಿಯಾದರೆ ಉಳಿದವರು ಎದ್ದು ಹೋಗುವಾಗ ಇವಳ ಓಎಂಆರ್ ಹಾಳೆಯನ್ನೂ ಎಳೆದುಕೊಂಡು ಬಿಡುತ್ತಾರೆ.

ಸನ್ನೆ ಭಾಷೆಯವರ ಬಗ್ಗೆ: ಮಗಳಿಗೆ ಸನ್ನೆ ಭಾಷೆ ಬರುತ್ತಾ ಅಂತ ನೀವು ಬರೆದಿಲ್ಲ. ಚಿಕ್ಕಂದಿನಿಂದ ಮಿಷನ್ ಹಾಕಿಕೊಂಡು ಮಾತಿನಲ್ಲೇ ಬೆಳೆದ ಎಷ್ಟೋ ಜನರಿಗೆ ಬರುವುದಿಲ್ಲ, ಅಂಥವರಿಗೆ ಬರಹವೇ ಸಾಕು. ಬರುವುದಾದರೂ ನೀವೇ ಕರೆದುಕೊಂಡು ಹೋದವರನ್ನು, ಅದರಲ್ಲೂ ಮನೆಯವರನ್ನು, ಒಳಗೆ ಬಿಡುವುದು ಕಷ್ಟ. ವ್ಯವಸ್ಥೆ ಮಾಡುವಂತೆ ಸಂಸ್ಥೆಯನ್ನೇ ಕೇಳಬೇಕು. ಲಿಖಿತ ಪರೀಕ್ಷೆಯಲ್ಲಿ ಅವರು ಬಾಯಲ್ಲಿ ಹೇಳಿದ್ದನ್ನು ಸನ್ನೆಗೆ ತರುತ್ತಾರೆ. ಪ್ರಶ್ನೆಯ ಅರ್ಥ ಬಿಡಿಸಿ ಹೇಳಿದರೆ ಅದು ನಕಲು. ಅವರು ನಿಜಕ್ಕೂ ಬೇಕಾಗುವುದು ಸಂದರ್ಶನದಲ್ಲಿ. ಅಲ್ಲಿಯವರೆಗೆ ಹೋದರೆ ಒಂದು ವಿಷಯ ಮೊದಲೇ ಹೇಳಿಡಿ. ದುಭಾಷಿ ಪ್ರಶ್ನೆ ಕೇಳುವವರ ಪಕ್ಕದಲ್ಲೇ ಕೂರಲಿ, ಅವರ ಬೆನ್ನಿಗೆ ಕಿಟಕಿ ಬೇಡ. ಹಿಂದಿನಿಂದ ಬೆಳಕು ಬಿದ್ದರೆ ಕೈಯೂ ಮುಖವೂ ಕಪ್ಪಗೆ ಕಾಣುತ್ತವೆ, ಮಗಳಿಗೆ ಏನೂ ಓದಲಾಗುವುದಿಲ್ಲ.