ಹದಿನೆಂಟು ಲಕ್ಷ ಒಂದೇ ಸಲವೋ, ತಿಂಗಳಿಗೆ ಹದಿನೈದು ಸಾವಿರವೋ?

ಪ್ರಶ್ನೆ: ಮೇಡಂ, ನಾವಿಬ್ಬರೂ ಒಪ್ಪಿ ಡಿವೋರ್ಸ್ ತಗೋತಿದ್ದೀವಿ. ಮಕ್ಕಳಿಲ್ಲ. ತಿಂಗಳಿಗೆ 15,000 ಅಥವಾ ಒಟ್ಟಿಗೆ 18 ಲಕ್ಷ ಕೊಡ್ತೀನಿ ಅಂತಾರೆ. ಒಟ್ಟಿಗೆ ಅಂದ್ರೆ ಈಗ 5 ಲಕ್ಷ, ಉಳಿದದ್ದು ಡಿವೋರ್ಸ್ ಆದ ಮೇಲಂತೆ. ಅವರು ಖಾಸಗಿ ಕೆಲಸದಲ್ಲಿದ್ದಾರೆ, ಆಗಾಗ ಕಂಪನಿ ಬದಲಾಯಿಸ್ತಾರೆ. ಯಾವುದು ಒಳ್ಳೇದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು 'ಡಿವೋರ್ಸ್ ಆದ ಮೇಲೆ' ಅನ್ನುವ ಮಾತು. ಅದಕ್ಕೆ ಮಾತ್ರ ಒಪ್ಪಬೇಡಿ.

18 ಲಕ್ಷ ಅಂದರೆ 15,000ದ ಲೆಕ್ಕದಲ್ಲಿ ಹತ್ತು ವರ್ಷದ ಜೀವನಾಂಶ. ನಿಮಗಿನ್ನೂ ಚಿಕ್ಕ ವಯಸ್ಸಾದರೆ ತಿಂಗಳ ಹಣವೇ ಜಾಸ್ತಿ ಅನ್ನಿಸಬಹುದು. ಪರಿಸ್ಥಿತಿ ಬದಲಾದರೆ ಹೆಚ್ಚಿಸಿ ಅಂತ ಕೋರ್ಟಿಗೆ ಕೇಳುವ ದಾರಿಯೂ ಇದೆ. ಹಾಗೆಯೇ ಕಡಿಮೆ ಮಾಡಿ ಅಂತ ಅವರೂ ಕೇಳಬಹುದು. ನೀವು ಮರುಮದುವೆಯಾದರೆ ನಿಲ್ಲಿಸಿ ಅಂತಲೂ ಅರ್ಜಿ ಹಾಕಬಹುದು.

ಆದರೆ ಕಷ್ಟ ಇರುವುದು ವಸೂಲಿಯಲ್ಲಿ. ಹಿಂದೂ ವಿವಾಹ ಕಾಯ್ದೆಯ ಡಿಕ್ರಿಯಲ್ಲಿ ತಿಂಗಳ ಹಣ ಬರೆಸಿದ್ದರೆ, ಕೊಡದಿದ್ದಾಗ ನೀವು ಡಿಕ್ರಿಯನ್ನು ಜಾರಿ ಮಾಡಿಸಿ ಅಂತ ಅಮಲ್ಜಾರಿ ಅರ್ಜಿ ಹಾಕಿ ಅವರ ಸಂಬಳ ಜಪ್ತಿ ಮಾಡಿಸಬೇಕು. ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಎರಡು ಭಾಗದವರೆಗೂ ಜಪ್ತಿ ಮಾಡಬಹುದು. ಆ ಆದೇಶ ಹೋಗುವುದು ಅವರ ಕಂಪನಿಗೆ. ಅವರು ಕೆಲಸ ಬಿಟ್ಟರೆ ಹೊಸ ಕಂಪನಿ ಹುಡುಕಿ ನೀವು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬೇಕು. ಇದು ಎಷ್ಟು ಸುಸ್ತು ಮಾಡುತ್ತದೆ ಅಂತ ನನ್ನ ಕಕ್ಷಿದಾರರ ಮುಖದಲ್ಲಿ ನೋಡಿದ್ದೇನೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ (ಹಳೆಯ 125) ಅಡಿ ಜೀವನಾಂಶದ ಆದೇಶವಿದ್ದರೆ ವಾರೆಂಟ್ ಹೊರಡಿಸಬಹುದು, ಜೈಲಿಗೂ ಕಳಿಸಬಹುದು. ಜೈಲಿಗೆ ಹೋದರೂ ಬಾಕಿ ತೀರಿತು ಅಂತಲ್ಲ. ಆದರೆ ಅಲ್ಲೊಂದು ಗಡುವಿದೆ. ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳ ಬಾಕಿಗೆ ವಾರೆಂಟ್ ಸಿಗುವುದಿಲ್ಲ. 'ಕೊಡ್ತೀನಿ, ಸ್ವಲ್ಪ ತಾಳು' ಅಂದದ್ದನ್ನು ನಂಬಿ ಸುಮ್ನೆ ಕೂತವರು ಕಳೆದುಕೊಳ್ಳುವುದು ಇಲ್ಲೇ.

ಹಾಗಾಗಿ ನಿಮ್ಮ ವಿಷಯದಲ್ಲಿ ಒಟ್ಟಿಗೆ ತಗೊಳ್ಳುವುದೇ ವಾಸಿ ಅನ್ನುತ್ತೇನೆ. ಒಪ್ಪಿಗೆಯ ಡಿವೋರ್ಸಿಗೆ ಎರಡು ಹಂತ. ಮೊದಲ ಅರ್ಜಿಯ ದಿನ 5 ಲಕ್ಷ ತಗೊಳ್ಳಿ. ಸಾಮಾನ್ಯವಾಗಿ ಆರು ತಿಂಗಳ ನಂತರ ಎರಡನೇ ಹಂತದ ಹೇಳಿಕೆ ಇರುತ್ತದೆ. ಉಳಿದ 13 ಲಕ್ಷದ ಡಿಡಿ ಅವತ್ತೇ ಜಡ್ಜ್ ಮುಂದೆ ನಿಮ್ಮ ಕೈಗೆ ಬರಬೇಕು. ಡಿಡಿ ನಂಬರ್, ಬ್ಯಾಂಕ್, ತಾರೀಖು ಎಲ್ಲ ಜಂಟಿ ಮೆಮೊದಲ್ಲಿ ಬರೆಸಿ. ಮುಂದಿನ ತಾರೀಖಿನ ಚೆಕ್ ಬೇಡ. ಅದು ಬೌನ್ಸ್ ಆದರೆ ನಿಮಗೆ ಸಿಗುವುದು ಇನ್ನೊಂದು ಕೇಸು, ಹಣವಲ್ಲ.

ಡಿಕ್ರಿ ಆಗುವವರೆಗೆ ನಿಮ್ಮ ಒಪ್ಪಿಗೆ ಅವರಿಗೆ ಬೇಕು. ಆದ ಮೇಲೆ ಬೇಡ. ಡಿಡಿ ತರದೆ ಬಂದರೆ 'ಹಣ ಬಂದಿಲ್ಲ, ಇನ್ನೊಂದು ದಿನ ಕೊಡಿ' ಅಂತ ಜಡ್ಜ್‌ಗೆ ನೇರವಾಗಿ ಹೇಳಿ, ಅಂದು ಹೇಳಿಕೆಗೆ ಸಹಿ ಹಾಕಬೇಡಿ.