ಹನ್ನೊಂದು ಕಡೆ ಹೋದರೂ ಒಬ್ಬ ಗೆಳೆಯನಿಲ್ಲ

ಮಾನ್ಯ ಸಂಪಾದಕರೇ,

ನನಗೆ 32 ವರ್ಷ. ಕೆಲಸದ ನಿಮಿತ್ತ, ಪರಿಚಿತರು ಯಾರೂ ಇಲ್ಲದ ನಗರಕ್ಕೆ ಬಂದು ಹತ್ತು ತಿಂಗಳಾಯಿತು. ಕಚೇರಿಯಲ್ಲಿ ಎಲ್ಲರೊಂದಿಗೂ ಚೆನ್ನಾಗಿಯೇ ಇದ್ದೇನೆ, ಸಂಜೆ ಆರರ ನಂತರ ಯಾರೂ ಇಲ್ಲ. ಸುಮ್ಮನೆ ಕೂರಬಾರದೆಂದು ಚಾರಣ, ಪುಸ್ತಕ ಚರ್ಚೆ, ವಾರವಾರ ಸೇರುವ ಚಿತ್ರ ಬಿಡಿಸುವವರ ಗುಂಪು, ನಾಟಕದ ಶಿಬಿರ ಎಂದು ಹನ್ನೊಂದು ಕಡೆ ಹೋಗಿ ಬಂದೆ. ಮೊಬೈಲಿನಲ್ಲಿ ನಲವತ್ತು ಹೊಸ ನಂಬರುಗಳಿವೆ, ಒಬ್ಬರೂ ಫೋನು ಮಾಡಿಲ್ಲ. ನನ್ನ ಮಾತು ಅವರಿಗೆ ಹಿಡಿಸಲಿಲ್ಲವೇನೋ. ಚಾರಣದವರು ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ. ಹೋಗಲೇ, ಬಿಡಲೇ?

— ಒಬ್ಬ ಓದುಗ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಹನ್ನೊಂದು ಎಂಬ ಸಂಖ್ಯೆಯ ಮೇಲೆ. ಚಾರಣವನ್ನು ಬಿಟ್ಟು ಉಳಿದ ಹತ್ತು ಕಡೆ ತಲಾ ಎರಡು ಗಂಟೆ ಕಳೆದಿರೆಂದು ಇಟ್ಟುಕೊಳ್ಳೋಣ. ಒಟ್ಟು ಇಪ್ಪತ್ತು ಗಂಟೆ ನೀವು ಜನರ ನಡುವೆ ಇದ್ದಿರಿ. ಆದರೆ ಆ ಹತ್ತು ಕಡೆ ಸಿಕ್ಕ ನಂಬರುಗಳಲ್ಲಿ ಯಾವುದೇ ಒಬ್ಬರ ಖಾತೆ ತೆಗೆದು ನೋಡಿದರೂ ಅಲ್ಲಿ ಜಮೆಯಾಗಿರುವುದು ಎರಡು ಗಂಟೆ ಮಾತ್ರ, ಅದೂ ಗುಂಪಿನ ಉಳಿದವರೊಂದಿಗೆ ಹಂಚಿಕೊಂಡದ್ದು. ಪ್ರತಿ ಹೊಸ ಗುಂಪಿನಲ್ಲಿ ಹೆಸರು, ಊರು, ಕೆಲಸ ಹೇಳಿಕೊಳ್ಳುವ ಮೊದಲ ಮೆಟ್ಟಿಲನ್ನು ನೀವು ಹನ್ನೊಂದು ಸಲ ಹತ್ತಿದ್ದೀರಿ, ಎರಡನೆಯದನ್ನು ಒಮ್ಮೆಯೂ ಹತ್ತಿಲ್ಲ.

ಸ್ನೇಹವನ್ನು ಗಂಟೆಗಳಲ್ಲಿ ಅಳೆಯುವುದು ನನ್ನ ಕಲ್ಪನೆಯಲ್ಲ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಿಮ್ಮಂಥವರನ್ನೇ ಕುರಿತದ್ದು. ಹಿಂದಿನ ಆರು ತಿಂಗಳೊಳಗೆ ಹೊಸ ಊರಿಗೆ ಬಂದಿದ್ದ 355 ವಯಸ್ಕರನ್ನು, ಅಲ್ಲಿ ಪರಿಚಯವಾದ ಒಬ್ಬರೊಂದಿಗೆ ಎಷ್ಟು ಹೊತ್ತು ಕಳೆದಿರಿ, ಈಗ ಅವರು ನಿಮಗೆ ಏನಾಗಿದ್ದಾರೆ ಎಂದು ಹಾಲ್ ಕೇಳಿದರು. ಇದನ್ನೂ ಹೊಸ ವಿದ್ಯಾರ್ಥಿಗಳ ಇನ್ನೊಂದು ಸಮೀಕ್ಷೆಯನ್ನೂ ಸೇರಿಸಿ ನೋಡಿದಾಗ, ಪರಿಚಿತರು ಸಾಮಾನ್ಯ ಸ್ನೇಹಿತರಾಗಲು ಸುಮಾರು 50 ಗಂಟೆ, ಸ್ನೇಹಿತರೆಂದು ನಿಸ್ಸಂಕೋಚವಾಗಿ ಹೇಳಿಕೊಳ್ಳಲು ಸುಮಾರು 90 ಗಂಟೆ, ಆಪ್ತರಾಗಲು 200ಕ್ಕಿಂತ ಹೆಚ್ಚು ಗಂಟೆಗಳು ಬೇಕಾಗಿದ್ದವು. ಜನ ನೆನಪಿನಿಂದ ಹೇಳಿದ ಗಂಟೆಗಳಿವು, ಅಂದಾಜುಗಳಿವು; ಮೂವತ್ತು ಗಂಟೆಗೇ ಹತ್ತಿರವಾಗುವವರೂ ಉಂಟು, ಮುನ್ನೂರಾದರೂ ಆಗದವರೂ ಉಂಟು. ಆದರೂ ಎರಡಕ್ಕೂ ಐವತ್ತಕ್ಕೂ ಇರುವ ಅಂತರವನ್ನು ನೋಡಿದರೆ, ಫೋನು ಬಾರದಿರುವುದಕ್ಕೆ ನಿಮ್ಮ ಸ್ವಭಾವವನ್ನು ಕಾರಣವಾಗಿ ಹುಡುಕುವ ಅಗತ್ಯವೇ ಕಾಣುವುದಿಲ್ಲ. ಕಾಲೇಜಿನಲ್ಲಿ ಅದೇ ಮುಖಗಳೊಂದಿಗೆ ದಿನಕ್ಕೆ ಐದಾರು ಗಂಟೆ ಇರುತ್ತಿದ್ದಿರಿ. ಯಾರನ್ನೂ ಎಲ್ಲಿಗೂ ಕರೆಯದೆಯೇ ಒಂದು ತಿಂಗಳಲ್ಲಿ ನೂರು ಗಂಟೆ ದಾಟುತ್ತಿತ್ತು. ಅಲ್ಲಿ ವೇಳಾಪಟ್ಟಿಯೇ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ನೀವೇ ಮಾಡಿಕೊಳ್ಳಬೇಕಾಗಿದೆ.

ಹಾಗಾದರೆ ಕಚೇರಿಯಲ್ಲಿ ದಿನಕ್ಕೆ ಎಂಟು ಗಂಟೆ ಜೊತೆಗಿರುತ್ತೇವಲ್ಲ, ಅವರೇಕೆ ಗೆಳೆಯರಾಗಲಿಲ್ಲ ಎಂದು ನೀವು ಕೇಳಬಹುದು. ಅದೇ ಅಧ್ಯಯನದಲ್ಲಿ ಇದಕ್ಕೂ ಉತ್ತರವಿದೆ: ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಆಪ್ತತೆಯನ್ನು ಅಷ್ಟಾಗಿ ಹೆಚ್ಚಿಸಲಿಲ್ಲ, ಬಿಡುವಿನಲ್ಲಿ ಜೊತೆಗೆ ಕಳೆದ ಗಂಟೆಗಳು ಹೆಚ್ಚಿಸಿದವು. ನನಗೆ ತೋರುವ ಕಾರಣ ಸರಳವಾದುದು. ಪಕ್ಕದ ಮೇಜಿನವರು ಅಲ್ಲಿ ಕುಳಿತಿರುವುದು ಸಂಬಳಕ್ಕಾಗಿ ಎಂಬುದು ನಿಮಗೆ ಗೊತ್ತು, ನೀವೂ ಹಾಗೆಯೇ ಎಂಬುದು ಅವರಿಗೆ ಗೊತ್ತು. ಆದ್ದರಿಂದ ಇಬ್ಬರ ಸೌಜನ್ಯದಲ್ಲಿ ಎಷ್ಟು ಪಾಲು ನಿಜವಾದ ಇಷ್ಟ ಎಂಬುದನ್ನು ಇಬ್ಬರೂ ಅಳೆಯಲಾರರು. ಬರಬೇಕಾದ ಅಗತ್ಯವಿಲ್ಲದ ಹೊತ್ತಿನಲ್ಲಿ, ಬರಬೇಕಾದ ಅಗತ್ಯವಿಲ್ಲದ ಜಾಗಕ್ಕೆ ಒಬ್ಬರು ಬಂದಾಗ ಮಾತ್ರ ಅದು ತಿಳಿಯುತ್ತದೆ.

ಇದನ್ನು ನಾನು ಕಲಿತದ್ದು ತಡವಾಗಿ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಈ ಕೆಲಸಕ್ಕೆಂದು ಊರು ಬಿಟ್ಟು ಬಂದಾಗ ನಾನು ಎಂಟು ಜನರ ಒಂದು ಬ್ಯಾಡ್ಮಿಂಟನ್ ಗುಂಪನ್ನು ಸೇರಿಕೊಂಡೆ. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆಯಂತೆ, ನಾಲ್ಕು ತಿಂಗಳಲ್ಲಿ ಮೂವತ್ತನಾಲ್ಕು ದಿನ ಆಡಿದೆವು. ಲೆಕ್ಕ ಹಾಕಿದರೆ 51 ಗಂಟೆ. ಆದರೂ ಅವರಲ್ಲಿ ಒಬ್ಬರಿಗೆ ಮಕ್ಕಳಿದ್ದಾರೆಯೇ ಎಂಬುದು ಕೂಡ ನನಗೆ ತಿಳಿದಿರಲಿಲ್ಲ. ಆಡುವಾಗ ಅಂಕ ಕೂಗುವುದಲ್ಲದೆ ಬೇರೆ ಮಾತಿಲ್ಲ, ಆಟ ಮುಗಿದೊಡನೆ ಎಲ್ಲರೂ ಬೈಕಿನ ಕಡೆಗೆ. ನಿಜವಾದ ಮಾತು ದಿನಕ್ಕೆ ಹತ್ತು ನಿಮಿಷ, ಅಂದರೆ ನಾಲ್ಕು ತಿಂಗಳಿಗೆ ಆರು ಗಂಟೆಯೂ ಇಲ್ಲ. ಗಂಟೆಗಳು ಸೇರುತ್ತಿದ್ದರೂ ಆಟದ ಅಂಕಣದೊಳಗೇ ಸೇರುತ್ತಿದ್ದವು.

ಒಂದು ದಿನ ಜೊತೆಯ ಆಟಗಾರರೊಬ್ಬರ ರ‍್ಯಾಕೆಟ್ಟಿನ ದಾರ ಕಿತ್ತುಹೋಯಿತು. ಶನಿವಾರ ಗಟ್ಟಿಂಗ್ ಹಾಕಿಸಲು ಹೋಗುತ್ತೇನೆ ಎಂದರು. ನನ್ನದೂ ಸಡಿಲವಾಗಿದೆ, ಜೊತೆಗೆ ಬರಲೇ ಎಂದು ಕೇಳಿದೆ. ನನ್ನ ರ‍್ಯಾಕೆಟ್ಟಿಗೆ ಏನೂ ಆಗಿರಲಿಲ್ಲ ಎಂಬುದನ್ನು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳಬಹುದು. ದಾರ ಕಟ್ಟುವವರೆಗೆ ಕಾದು ಕುಳಿತ ಆ ಒಂದು ಗಂಟೆಯಲ್ಲಿ, ಅವರೂ ಈ ನಗರಕ್ಕೆ ಬಂದು ಎರಡೇ ವರ್ಷವಾಗಿದೆ, ಗುಂಪಿನಲ್ಲಿ ಉಳಿದವರೆಲ್ಲ ಹಳೆಯ ಗೆಳೆಯರೆಂದೂ ನಾನೂ ಅವರಲ್ಲೊಬ್ಬನೆಂದೂ ಭಾವಿಸಿ ಅವರು ಯಾರನ್ನೂ ಮಾತಾಡಿಸದೆ ಮನೆಗೆ ಹೋಗುತ್ತಿದ್ದರು ಎಂಬುದು ತಿಳಿಯಿತು. ನಾನು ಅವರ ಬಗ್ಗೆ ಅಂದುಕೊಂಡದ್ದೂ ಅಕ್ಷರಶಃ ಅದೇ ಆಗಿತ್ತು.

ಆಮೇಲೆ ನಾನು ಮಾಡಿದ್ದು ತಪ್ಪು. ಒಂದು ಎಳೆ ಸಿಕ್ಕಿತೆಂಬ ಉತ್ಸಾಹದಲ್ಲಿ ಮರುವಾರ ಮೂರು ಸಲ ಫೋನು ಮಾಡಿ ಮೂರು ಕಡೆಗೆ ಕರೆದೆ. ಮೊದಲ ಸಲ ಕೆಲಸವಿದೆ ಎಂದರು, ಎರಡನೆಯ ಸಲ ನೋಡೋಣ ಎಂದರು, ಮೂರನೆಯದಕ್ಕೆ ಉತ್ತರ ಬರಲಿಲ್ಲ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ, ವಾರಕ್ಕೆ ಎರಡು ಸಂಜೆ ಹೊರಗೆ ಕಳೆಯುತ್ತಿದ್ದ ಸಂಸಾರಸ್ಥರಿಗೆ ಉಳಿದಿದ್ದದ್ದು ಹದಿನೈದು ದಿನಕ್ಕೊಂದು ಬಿಡುವಿನ ಶನಿವಾರ ಮಾತ್ರ. ನಾನು ಕರೆಯುವುದನ್ನು ನಿಲ್ಲಿಸಿ ಆಟಕ್ಕೆ ಮಾತ್ರ ಹೋಗುತ್ತಿದ್ದೆ. ಮೂರು ವಾರದ ಮೇಲೆ ಅವರೇ ಫೋನು ಮಾಡಿ, ಮನೆ ಬದಲಿಸುತ್ತಿದ್ದೇವೆ, ಬೀರು ಇಳಿಸಲು ಒಂದು ಕೈ ಬೇಕು, ಬರುತ್ತೀರಾ ಎಂದು ಕೇಳಿದರು. ಸಹಾಯ ಕೇಳುವ ಇಂಥ ಕರೆ ಹತ್ತು ಆಹ್ವಾನಗಳಿಗೆ ಸಮ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಸಂಕೋಚ ಇನ್ನೂ ಉಳಿದಿರುವವರ ಬಳಿ ಯಾರೂ ಬೀರು ಹೊರಿಸುವುದಿಲ್ಲ.

ಇನ್ನು ಮಾತು ಹಿಡಿಸಲಿಲ್ಲವೇನೋ ಎಂಬ ನಿಮ್ಮ ಅನುಮಾನ. ಮನೋವಿಜ್ಞಾನಿ ಎರಿಕಾ ಬೂತ್‌ಬಿ ಮತ್ತು ಅವರ ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಪರಿಚಿತರಿಬ್ಬರನ್ನು ಮಾತಿಗೆ ಕೂರಿಸಿ, ಆಮೇಲೆ ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಲಾಯಿತು. ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವೆಂದು ಜನ ಊಹಿಸಿದ್ದು, ಎದುರಿನವರು ನಿಜವಾಗಿ ಇಷ್ಟಪಟ್ಟದ್ದಕ್ಕಿಂತ ಕಡಿಮೆ ಇತ್ತು. ಒಂದೇ ವಸತಿಯಲ್ಲಿ ಜೊತೆಗಿದ್ದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಊಹೆ ತಿಂಗಳುಗಟ್ಟಲೆ ಉಳಿದಿತ್ತು. ಮಾತು ಮುಗಿದ ಮೇಲೆ ನಾವು ಮೆಲುಕು ಹಾಕುವುದು ನಾವು ತಡವರಿಸಿದ ಕ್ಷಣಗಳನ್ನು. ಎದುರಿನವರೂ ಆ ಹೊತ್ತಿನಲ್ಲಿ ತಮ್ಮ ತಡವರಿಕೆಯನ್ನೇ ಮೆಲುಕು ಹಾಕುತ್ತಿರುತ್ತಾರೆ. ನಿಮ್ಮ ನಲವತ್ತು ಜನರಲ್ಲಿ ಕೆಲವರಾದರೂ, ಆ ಹುಡುಗ ಮತ್ತೆ ಬರಲೇ ಇಲ್ಲ, ನಾವು ಹಿಡಿಸಲಿಲ್ಲವೇನೋ ಎಂದುಕೊಂಡಿರಬಹುದು. ನಿಮ್ಮ ಕಡೆಯಿಂದ ಎಷ್ಟು ಕರೆಗಳು ಹೋಗಿವೆ ಎಂಬುದನ್ನು ನೀವು ಬರೆದಿಲ್ಲ.

ಹಾಗಾಗಿ ಹನ್ನೆರಡನೆಯ ಗುಂಪನ್ನು ಹುಡುಕಬೇಡಿ. ಹೋಗಿ ಬಂದ ಹನ್ನೊಂದರಲ್ಲಿ ಒಂದನ್ನು ಆರಿಸಿಕೊಳ್ಳಿ; ಯಾವುದೆಂದರೆ ನಾನು ಚಿತ್ರ ಬಿಡಿಸುವವರ ಗುಂಪು ಎನ್ನುತ್ತೇನೆ. ಅದು ಪ್ರತಿ ವಾರ ಸೇರುತ್ತದೆ, ಯಾರ ಆಹ್ವಾನಕ್ಕೂ ಕಾಯಬೇಕಿಲ್ಲ, ಕೈ ಕೆಲಸ ಮಾಡುತ್ತಿರುವಾಗ ಬಾಯಿಗೆ ಬಿಡುವಿರುತ್ತದೆ, ಸುಮ್ಮನಿದ್ದರೂ ಯಾರಿಗೂ ಮುಜುಗರವಾಗುವುದಿಲ್ಲ. ಶಿಬಿರ ಮುಗಿದರೆ ಜನ ಚದುರುತ್ತಾರೆ. ಪುಸ್ತಕ ಚರ್ಚೆಯಲ್ಲಿ ಮಾತು ಒಬ್ಬೊಬ್ಬರದೇ ಸರದಿಯಲ್ಲಿ ಬರುತ್ತದೆ. ಎರಡು ತಿಂಗಳು ಒಂದು ವಾರವನ್ನೂ ತಪ್ಪಿಸದೆ ಹೋಗಿ, ಕಾಲು ಗಂಟೆ ಮುಂಚೆ ತಲುಪಿ, ಕಡೆಯಲ್ಲಿ ಏಳಿ. ಮೊದಲ ಮೂರು ವಾರ ಏನೂ ಆಗದಿದ್ದರೆ ಅದು ವಿಫಲತೆಯಲ್ಲ, ಮುಖ ಗುರುತಾಗಲು ಅಷ್ಟು ಬೇಕು.

ನಾಲ್ಕನೆಯ ಅಥವಾ ಐದನೆಯ ವಾರಕ್ಕೆ, ಹೋದ ವಾರ ನೀವು ಹೇಳಿದ್ದನ್ನು ನೆನಪಿಟ್ಟುಕೊಂಡು ಕೇಳಿದವರು ಯಾರಾದರೂ ಇದ್ದರೆ ಅವರನ್ನು ಹೊರಗೆ ಕರೆಯಿರಿ. ಯಾವಾಗಲಾದರೂ ಸಿಗೋಣ ಎಂಬ ಮಾತು ಕರೆಯಲ್ಲ, ಅದು ಬೀಳ್ಕೊಡುಗೆ. ಕರೆಗೆ ದಿನ, ಹೊತ್ತು, ಕೆಲಸ, ಕೊನೆ ನಾಲ್ಕೂ ಇರಬೇಕು: "ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಣ್ಣ ಕೊಳ್ಳಲು ಹೋಗುತ್ತಿದ್ದೇನೆ, ಒಂದು ಗಂಟೆಯ ಕೆಲಸ, ಬಿಡುವಿದ್ದರೆ ಬನ್ನಿ." ಹೀಗೆ ಕರೆದರೆ ಒಲ್ಲೆ ಎನ್ನುವುದೂ ಅವರಿಗೆ ಸುಲಭ. ಒಲ್ಲೆ ಎಂದವರು ಬೇರೆ ದಿನವೊಂದನ್ನು ತಾವಾಗಿ ಸೂಚಿಸಿದರೆ ಬಾಗಿಲು ತೆರೆದಿದೆ ಎಂದರ್ಥ. ಬೇರೆ ದಿನ ಹೇಳದೆ ಎರಡು ಸಲ ಒಲ್ಲೆ ಎಂದರೆ ಮೂರನೆಯ ಹೆಜ್ಜೆಯನ್ನು ಅವರಿಗೇ ಬಿಡಿ, ಗುಂಪಿನಲ್ಲಿ ಮೊದಲಿನಂತೆಯೇ ಇರಿ, ಇನ್ನೊಬ್ಬರನ್ನು ಕರೆಯಿರಿ. ಎರಡು ಕರೆಗಳ ನಡುವೆ ಕನಿಷ್ಠ ಎರಡು ವಾರದ ಅಂತರವಿರಲಿ. ಈ ಸಲಹೆಗೆ ನಾನು ತೆತ್ತ ಬೆಲೆ ನಿಮಗೆ ಈಗಾಗಲೇ ಗೊತ್ತು. ಹೊರಗೆ ಸಿಕ್ಕಾಗ ಹವಾಮಾನ, ಟ್ರಾಫಿಕ್ಕುಗಳಲ್ಲೇ ಹೊತ್ತು ಕಳೆಯಬೇಡಿ. ಅಂಥ ಮೇಲುಮೇಲಿನ ಮಾತು ಬೆಳೆದಷ್ಟೂ ಆಪ್ತತೆ ಬೆಳೆಯುವುದಿಲ್ಲ ಎಂಬುದು ಹಾಲ್ ಅವರ ಅಧ್ಯಯನದಲ್ಲೂ ಕಂಡಿದೆ. ನಗೆಚಟಾಕಿ ಮತ್ತು ಹೋದ ಸಲ ಸಿಕ್ಕಮೇಲೆ ಏನೇನಾಯಿತು ಎಂಬ ವಿಚಾರಣೆ ಹೆಚ್ಚು ಕೆಲಸ ಮಾಡಿದ್ದವು. ಹಾಗೆಂದು ಮೊದಲ ಭೇಟಿಯಲ್ಲೇ ಹತ್ತು ತಿಂಗಳ ಒಂಟಿತನವನ್ನೆಲ್ಲ ಅವರ ಮುಂದೆ ಸುರಿಯಬೇಡಿ. ಕೇಳುವವರು ಮರುಕಪಟ್ಟಾರು, ಆದರೆ ಮುಂದಿನ ಭೇಟಿ ಅವರಿಗೆ ಹೊಣೆಯಂತೆ ತೋರುತ್ತದೆ.

ವಾರಕ್ಕೆ ಗುಂಪಿನಲ್ಲಿ ಎರಡು ಗಂಟೆ, ಹದಿನೈದು ದಿನಕ್ಕೊಮ್ಮೆ ಹೊರಗೆ ಎರಡು ಗಂಟೆ ಎಂದರೆ ವಾರಕ್ಕೆ ಮೂರು ಗಂಟೆಯಾಯಿತು. ಐವತ್ತನ್ನು ಮುಟ್ಟಲು ಹದಿನೇಳು ವಾರ, ತೊಂಬತ್ತಕ್ಕೆ ಮೂವತ್ತು. ಬೇಸರ ತರುವಷ್ಟು ದೀರ್ಘವಾದ ಅವಧಿ ಎಂಬುದನ್ನು ಒಪ್ಪುತ್ತೇನೆ. ಆ ನಡುವೆ ಸಂಜೆಗಳನ್ನು ಹಳೆಯ ಗೆಳೆಯರ ಫೋನಿನಿಂದ ತುಂಬಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ, ಗುಂಪಿನ ಸಂಜೆಯೊಂದನ್ನು ಮಾತ್ರ ಅದಕ್ಕೆ ಕೊಡಬೇಡಿ.

ಚಾರಣಕ್ಕೆ ಹೋಗಿ ಬನ್ನಿ. ಆದರೆ ಅದು ತಿಂಗಳಿಗೊಮ್ಮೆ ನಡೆಯುವುದು, ಪ್ರತಿ ಸಲ ಬಹುಪಾಲು ಹೊಸ ಮುಖಗಳು. ಕಳೆದ ಸಲ ಬಂದವರಲ್ಲಿ ಯಾರಾದರೂ ಈ ಸಲವೂ ಬರುತ್ತಿದ್ದಾರೆಯೇ ಎಂದು ನಿಮ್ಮ ನಲವತ್ತು ನಂಬರುಗಳಲ್ಲಿ ಅವರದೊಂದಕ್ಕೆ ಇವತ್ತೇ ಫೋನು ಮಾಡಿ ಕೇಳಿ, ಬರುತ್ತಿದ್ದರೆ ಒಟ್ಟಿಗೆ ಹೊರಡಿ. ಚಾರಣದ ದಿನವೂ ಚಿತ್ರದವರ ದಿನವೂ ಒಂದೇ ಆಗಿದ್ದರೆ ಮಾತ್ರ ಚಾರಣವನ್ನು ಬಿಡಿ.

— ಸಂಪಾದಕ